ಗಾಣದ ಎಣ್ಣೆಗೆ ಹೆಸರು: ಏಳು ಜನ, 94 ಹೆಸರು, ಮೂರು ಗಂಟೆ, ಕೊನೆಗೆ ಕೈಗೆ ಬಂದಿದ್ದು ‘ಶುದ್ಧಧಾರೆ’

ಶಿರಾಗೇಟ್ ಗಾಣ
ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಶಿರಾ ಗೇಟ್ ಕಡೆ ನಮ್ಮದೊಂದು ಸಣ್ಣ ಗಾಣ ಇದೆ. ಮರದ ಗಾಣ, ಆದರೆ ತಿರುಗಿಸೋದು ಮೋಟರ್. ಕಡಲೆಕಾಯಿ ಎಣ್ಣೆ ಜಾಸ್ತಿ, ಕೊಬ್ಬರಿ ಎಣ್ಣೆ ಸ್ವಲ್ಪ. ಇಷ್ಟು ದಿನ ಗೊತ್ತಿರೋರೇ ಬಂದು ಒಯ್ಯುತ್ತಿದ್ದರು, ಬ್ರ್ಯಾಂಡ್ ಹೆಸರು ಅಂತ ಏನೂ ಇರಲಿಲ್ಲ. ಈಗ ಬೆಂಗಳೂರಿನ ಎರಡು ಅಪಾರ್ಟ್‌ಮೆಂಟ್‌ನವರು ಕೇಳ್ತಿದ್ದಾರೆ, ಆನ್‌ಲೈನಲ್ಲೂ ಹಾಕಬೇಕು. ಹಾಗಾಗಿ ಹೆಸರು ಬೇಕು.

ಹೋದ ಭಾನುವಾರ ಏಳೂ ಜನ ಕೂತೆವು. ನಾನು, ದುಡ್ಡು ಹಾಕಿರೋ ನಮ್ಮ ಭಾವ, ಗಾಣ ನೋಡ್ಕೊಳ್ಳೋ ಇಬ್ಬರು, ಪ್ಯಾಕಿಂಗ್ ಅಕ್ಕ, ಲೆಕ್ಕದ ಹುಡುಗಿ, ಡೆಲಿವರಿ ಹುಡುಗ. ಬೋರ್ಡ್ ಮೇಲೆ ಎಲ್ಲರೂ ಕೂಗಿದ ಹೆಸರು ಬರೆದೆ, 94 ಆಯಿತು. ಆಮೇಲೆ ಹತ್ತಕ್ಕೆ ಇಷ್ಟು ಅಂತ ಒಬ್ಬೊಬ್ಬರೇ ಹೇಳ್ತಾ ಬಂದರು. ಸರಾಸರಿ ತೆಗೆದರೆ ‘ಶುದ್ಧಧಾರೆ’ಗೆ 7.4. ಅದರ ಹಿಂದಿನ ಹತ್ತು ಹೆಸರಿಗೆ 6.8ರಿಂದ 7.3. ಯಾರಿಗೂ ಖುಷಿ ಇಲ್ಲ, ಯಾರೂ ಬೇಡ ಅಂತಲೂ ಹೇಳ್ತಿಲ್ಲ. ಇದನ್ನೇ ಇಟ್ಟುಬಿಡೋದಾ?

ಕಲ್ಲುಬಂಡೆ
ಇಟ್ಟುಬಿಡಿ ಗುರೂ. ಎಣ್ಣೆ ಚೆನ್ನಾಗಿದ್ದರೆ ಹೆಸರು ಯಾರು ನೋಡ್ತಾರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಹೋದೋರು ಬೋರ್ಡ್ ಓದಿ ಒಳಗೆ ಹೋಗ್ತಾರಾ?

ಚಿಂತಾಮಣಿ ಶೇಂಗಾ
ಇಡ್ಲಿ ಹೋಟೆಲ್ ಮುಂದೆ ನೀವೇ ನಿಂತಿರ್ತೀರಿ, ಹೊಗೆ ಕಾಣುತ್ತೆ, ಜನ ಕಾಣುತ್ತೆ. ಆನ್‌ಲೈನಲ್ಲಿ ಎಣ್ಣೆ ವಾಸನೆ ಬರುತ್ತಾ? ಅಲ್ಲಿ ಹೆಸರು ಬಿಟ್ಟರೆ ಬೇರೇನೂ ಇಲ್ಲ.

ಹೊಸ ಅಪ್ಪ
ನಮಗೂ ಹೆಸರು ಬೇಕಿತ್ತು. ಹೆಣ್ಣು ಮಗು, ‘ಯ’ ಅಕ್ಷರದಿಂದ ಶುರು ಆಗಬೇಕು, ಎರಡೇ ಅಕ್ಷರ ಇದ್ದರೆ ಒಳ್ಳೇದು.

ಕಲ್ಲುಬಂಡೆ
ಅಣ್ಣ, ಇದು ಎಣ್ಣೆ ನಾಮಕರಣ.

ಗುಬ್ಬಿ ಅಕ್ಷರ
ಶಿರಾಗೇಟ್ ಅವರೇ, ಎರಡು ಪ್ರಶ್ನೆ. ‘ಶುದ್ಧಧಾರೆ’ ಹೇಳಿದ್ದು ಯಾರು? ಮಾರ್ಕ್ಸ್ ಮೊದಲು ಹೇಳಿದ್ದು ಯಾರು?

ಶಿರಾಗೇಟ್ ಗಾಣ
ಎರಡೂ ನಮ್ಮ ಭಾವನೇ 😅 ಅವರು 9 ಅಂದರು.

ಗುಬ್ಬಿ ಅಕ್ಷರ
ಅಲ್ಲೇ ಕೆಟ್ಟಿದ್ದು. ನಾನು ಹದಿನಾಲ್ಕು ವರ್ಷದಿಂದ ಲೇಬಲ್, ಪ್ಯಾಕೆಟ್ ಕೆಲಸ ಮಾಡ್ತಿದ್ದೀನಿ, ಹೆಸರಿಡೋ ಕೂಟ ತುಂಬಾ ನಡೆಸಿದ್ದೀನಿ. ದುಡ್ಡು ಹಾಕಿದೋರು 9 ಅಂದ ಮೇಲೆ ಪ್ಯಾಕಿಂಗ್ ಅಕ್ಕ 3 ಅಂತಾರಾ? 7 ಅಂತಾರೆ. ಎಲ್ಲ ಹೆಸರಿಗೂ 7 ಅಂತಾರೆ, ಅದು ಮರ್ಯಾದೆಯ ಅಂಕಿ. ನಿಮ್ಮ 6.8, 7.3, 7.4ರಲ್ಲಿ ಇರೋದು ಹೆಸರಿನ ಬೆಲೆ ಅಲ್ಲ, ಕೂತಿದ್ದವರ ಸಂಕೋಚ.

ಇನ್ನೊಂದು, ‘ಹತ್ತಕ್ಕೆ ಎಷ್ಟು’ ಅಂದರೆ ಯಾವುದಕ್ಕೆ ಎಷ್ಟು? ಕಿವಿಗೆ ಹಿತ ಅಂತಲಾ, ನೆನಪಿರುತ್ತೆ ಅಂತಲಾ? ಒಬ್ಬೊಬ್ಬರು ಒಂದೊಂದನ್ನ ಅಳೆದು ಕೊಟ್ಟ ಅಂಕಿಯ ಸರಾಸರಿ ತೆಗೆದರೆ ಅದರಲ್ಲಿ ಏನೂ ಉಳಿಯಲ್ಲ.

ನಿಮಗೆ ಇನ್ನೊಂದು ಭಾನುವಾರ ಇದೆಯಾ? ಎರಡೂವರೆ ಗಂಟೆ ಸಾಕು.

ಶಿರಾಗೇಟ್ ಗಾಣ
ಇದೆ ಅಕ್ಕ. ಹೇಳಿ, ಭಾವನ್ನ ಒಪ್ಪಿಸೋದು ನನಗೆ ಬಿಡಿ.

ಗುಬ್ಬಿ ಅಕ್ಷರ
ಹೆಸರು ಬರೆಯೋಕೆ ಮುಂಚೆನೇ ಅಳತೆ ಯಾವುದು, ಯಾವುದಕ್ಕೆ ಎಷ್ಟು ತೂಕ ಅಂತ ತೀರ್ಮಾನ ಮಾಡಿ ಗೋಡೆಗೆ ಅಂಟಿಸಿಬಿಡಿ. ಹೆಸರು ನೋಡಿದ ಮೇಲೆ ತೂಕ ಹಾಕಿದರೆ ಪ್ರತಿಯೊಬ್ಬರೂ ತಮ್ಮ ಹೆಸರು ಗೆಲ್ಲೋ ಹಾಗೆ ತಕ್ಕಡಿ ಒತ್ತುತ್ತಾರೆ. ಅಳತೆ ಮೂರೇ ಇರಲಿ. ಒಂಬತ್ತು, ಹತ್ತು ಇಟ್ಟರೆ ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬಂದು ಮತ್ತೆ ಎಲ್ಲ ಹೆಸರೂ ಒಂದೇ ಎತ್ತರಕ್ಕೆ ಬರ್ತವೆ.

ನಿಮ್ಮ ವ್ಯಾಪಾರಕ್ಕೆ ನಾನಾದರೆ ಇವನ್ನ ಇಡ್ತೀನಿ. ಫೋನಲ್ಲಿ ಒಂದ್ಸಲ ಕೇಳಿದೋರು ಸರಿಯಾಗಿ ಬರೀತಾರಾ, ತೂಕ 4. ಬೇರೆ ಎಣ್ಣೆ ಹೆಸರಿನ ಜೊತೆ ಕಲೆಸಿಹೋಗಲ್ವಾ, ತೂಕ 4. ನಾಳೆ ಹುಚ್ಚೆಳ್ಳೆಣ್ಣೆ, ಬೆಲ್ಲ ಮಾರಿದರೂ ಹೊಂದುತ್ತಾ, ತೂಕ 2. ಒಂದರಿಂದ ಐದು ಮಾರ್ಕ್ಸ್, ಒಟ್ಟು 50ಕ್ಕೆ. ಒಂದು ಅಂದ್ರೆ ಏನು, ಐದು ಅಂದ್ರೆ ಏನು ಅಂತಲೂ ಬರೆದಿಡಿ. ‘ಹತ್ತು ಜನರಲ್ಲಿ ಒಂಬತ್ತು ಜನ ಒಂದೇ ಥರ ಬರೆದರೆ 5, ನಾಲ್ಕು ಅಥವಾ ಕಮ್ಮಿ ಜನ ಬರೆದರೆ 1’, ಹೀಗೆ. ಇಲ್ಲಾಂದ್ರೆ ಮತ್ತೆ ಅದೇ ಮರ್ಯಾದೆ ಅಂಕಿ ಬರುತ್ತೆ.

ಆಮೇಲೆ ಹೆಸರು ಬರೆಯೋದು. ಕೂಗೋ ಹಾಗಿಲ್ಲ. ಎಲ್ಲರಿಗೂ ಚೀಟಿ ಕೊಡಿ, ಎಂಟೆಂಟು ನಿಮಿಷದ ಮೂರು ಸುತ್ತು, ಪೂರ್ತಿ ಮೌನ. ಮೊದಲನೇ ಸುತ್ತು ಮನಸ್ಸಿಗೆ ಬಂದದ್ದು. ಅದರಲ್ಲಿ ಶ್ರೀ, ಶುದ್ಧ, ಅಮೃತ, ಸಿರಿ ಇವೇ ಬರ್ತವೆ. ಬರಲಿ, ಬೋರ್‌ವೆಲ್ ಕೊರೆದಾಗ ಮೊದಲು ಕೆಸರು ನೀರು ಬರಲ್ವಾ, ಹಾಗೆ. ಎರಡನೇ ಸುತ್ತಿಗೆ ಗಾಣದ ಭಾಗ, ಪಾತ್ರೆ, ಸದ್ದು, ಚಲನೆ ಮಾತ್ರ. ಮೂರನೇದಕ್ಕೆ ಪಕ್ಕದವರ ಚೀಟಿ ಎಳೆದು ಅದರ ಮೇಲೆ ಕಟ್ಟೋದು. ಗಾಣ ನಡೆಸೋ ಇಬ್ಬರಿದ್ದಾರಲ್ಲ, ಎರಡನೇ ಸುತ್ತಿನ ಒಳ್ಳೆ ಮಾತು ಅವರಿಂದಲೇ ಬರುತ್ತೆ ನೋಡಿ. ಕೂಗೋ ಮೀಟಿಂಗಲ್ಲಿ ಅವರು ಬಾಯೇ ಬಿಟ್ಟಿರಲ್ಲ.

ಶಿರಾಗೇಟ್ ಗಾಣ
ನಿಜ. ಇಬ್ಬರೂ ಸೇರಿ ಒಂದೇ ಹೆಸರು ಹೇಳಿದ್ದರು, ಅದೂ ನಾನು ಬಲವಂತ ಮಾಡಿದ್ದಕ್ಕೆ.

ಜಿಎಸ್‌ಟಿ ಗೌಡ
ಇಷ್ಟೆಲ್ಲ ಯಾಕೆ? ಜಿಎಸ್‌ಟಿ, ಉದ್ಯಮ್ ಎರಡರಲ್ಲೂ ಆ ಹೆಸರು ಹಾಕಿಸಿ, ವೆಬ್‌ಸೈಟ್ ಹೆಸರು ತಗೊಳ್ಳಿ. ಹೆಸರು ನಿಮ್ಮದಾಯಿತು. ನಾನು ಹಾಗೇ ಮಾಡಿದ್ದು.

ಗುಬ್ಬಿ ಅಕ್ಷರ
ಅರ್ಧ ಸರಿ. ಅವೆಲ್ಲ ವ್ಯಾಪಾರ ನಡೆಸೋಕೆ ಬೇಕು. ಆದರೆ ಅದೇ ಹೆಸರನ್ನ ಬೇರೆಯವರು ಎಣ್ಣೆಗೆ ಟ್ರೇಡ್‌ಮಾರ್ಕ್ ಮಾಡಿಸಿದ್ದರೆ ನಿಮ್ಮ ಜಿಎಸ್‌ಟಿ ಕಾಗದ ಅಡ್ಡ ಬರಲ್ಲ. ಅಡುಗೆ ಎಣ್ಣೆ 29ನೇ ಕ್ಲಾಸು. ipindia ಸೈಟಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಅಕ್ಷರದ ಹುಡುಕಾಟ ಒಂದೇ ಸಾಲದು, ಉಚ್ಚಾರಣೆಯ ಹುಡುಕಾಟ ಅಂತ ಬೇರೆ ಇದೆ, ಅದನ್ನೂ ಮಾಡಿ. ಅರ್ಜಿ ಹಾಕೋಕೆ ಆನ್‌ಲೈನಲ್ಲಿ ಸಣ್ಣ ಉದ್ದಿಮೆಗೆ ಒಂದು ಕ್ಲಾಸಿಗೆ 4,500 ರೂಪಾಯಿ.

ಜಿಎಸ್‌ಟಿ ಗೌಡ
ನನಗೆ ಇದುವರೆಗೆ ಯಾರೂ ಏನೂ ಕೇಳಿಲ್ಲ.

ಚಿಂತಾಮಣಿ ಶೇಂಗಾ
ನನ್ನನ್ನ ಕೇಳಿದರು ಗೌಡ್ರೇ. ಚಿಕ್ಕಿ ಮಾಡ್ತಿದ್ದೆ, ಎರಡು ವರ್ಷ ಮಾರಿದ ಮೇಲೆ ವಕೀಲರ ನೋಟಿಸ್ ಬಂತು. ಒಂದೇ ಅಕ್ಷರ ವ್ಯತ್ಯಾಸ, ಓದಿದರೆ ಎರಡೂ ಒಂದೇ ಥರ ಕೇಳಿಸುತ್ತೆ. ಆರು ಸಾವಿರ ಕವರ್ ಪ್ರಿಂಟ್ ಹಾಕಿಸಿದ್ದೆ. ಈಗಲೂ ಮನೇಲಿ ತರಕಾರಿ ಸಿಪ್ಪೆ ಹಾಕೋಕೆ ಅದೇ ಕವರ್.

ನಿವೃತ್ತ ಮೇಷ್ಟ್ರು
‘ತುಮಕೂರು ಗಾಣ’ ಅಂತ ಇಡಬಾರದೇಕೆ? ಊರಿನ ಹೆಸರೂ ಆಯಿತು, ಕಸುಬಿನ ಹೆಸರೂ ಆಯಿತು.

ಗುಬ್ಬಿ ಅಕ್ಷರ
ಮೇಷ್ಟ್ರೇ, ಅದೇ ತೊಂದರೆ. ಊರು ಮತ್ತೆ ಸರಕು ಎರಡನ್ನೇ ಹೇಳೋ ಹೆಸರನ್ನ ನೋಂದಣಿಯವರು ಒಪ್ಪೋದು ಕಷ್ಟ. ಪಕ್ಕದ ಗಾಣದವರಿಗೂ ಆ ಎರಡು ಮಾತು ಬೇಕಲ್ವಾ? 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಇರೋದು ಇದಕ್ಕೇ. ತುಂಬಾ ವರ್ಷ ಮಾರಿ, ಜನ ಅದು ನಿಮ್ಮದೇ ಅಂತ ಗುರುತು ಹಿಡಿದಿದ್ದರೆ ಬೇರೆ ಮಾತು.

‘ಶುದ್ಧ’ಕ್ಕೆ ಇನ್ನೊಂದು ಗಂಟು ಇದೆ. 2018ರ ಆಹಾರ ಜಾಹೀರಾತು ನಿಯಮದಲ್ಲಿ ಶುದ್ಧ, ತಾಜಾ, ಸಾಂಪ್ರದಾಯಿಕ ಥರದ ಮಾತು ಬ್ರ್ಯಾಂಡ್ ಹೆಸರಲ್ಲಿದ್ದು ಗ್ರಾಹಕರು ದಾರಿ ತಪ್ಪೋ ಹಾಗಿದ್ದರೆ, ‘ಇದು ಬರೀ ಬ್ರ್ಯಾಂಡ್ ಹೆಸರು, ಸರಕಿನ ನಿಜ ಗುಣ ಅಲ್ಲ’ ಅನ್ನೋ ಅರ್ಥದ ಸಾಲನ್ನ ಮೂರು ಮಿಲಿಮೀಟರಿಗೆ ಕಮ್ಮಿ ಇಲ್ಲದ ಅಕ್ಷರದಲ್ಲಿ ಹಾಕಬೇಕು. ಶುದ್ಧಧಾರೆ ಅಂತ ದೊಡ್ಡದಾಗಿ ಬರೆದು ಕೆಳಗೆ ಅದನ್ನ ಹಾಕೋ ಪರಿಸ್ಥಿತಿ ಬೇಕಾ?

ಕಲ್ಲುಬಂಡೆ
😂😂 ಭಾವಂಗೆ ಇದನ್ನ ಮೊದಲು ತೋರಿಸಿ.

ಪಾವಗಡ ಬಿಸಿಲು
ನಮ್ಮ ಕಡೆ ಮಾರೋದಿದ್ದರೆ ತೆಲುಗಲ್ಲೂ ಕೇಳಿಸಿಕೊಳ್ಳಿ. ಬಾಗೇಪಲ್ಲಿ, ಚಿಂತಾಮಣಿ ಕಡೆಯೂ ಅಷ್ಟೆ. ಒಬ್ಬರು ಮರದ ಗಾಣ ಅಂತ ಸೂಚಿಸೋಕೆ ‘ಚೆಕ್ಕೆ’ ಅಂತ ಹೆಸರಿಟ್ಟು ತಂದಿದ್ದರು. ತೆಲುಗಲ್ಲಿ ಚೆಕ್ಕ ಅಂದ್ರೆ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ. ನಮ್ಮಜ್ಜಿ ಬಾಟಲಿ ನೋಡಿ, ‘ಇದು ಎಮ್ಮೆಗಾ ನಮಗಾ’ ಅಂದರು.

ಶಿರಾಗೇಟ್ ಗಾಣ
ಮುಗಿಸಿಕೊಂಡು ಬಂದೆ! ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಚೀಟಿ ಒಟ್ಟು 131. ಒಂದೇ ಥರದ್ದು ತೆಗೆದರೆ 88. ಗಾಣದ ಹುಡುಗರು ಎರಡನೇ ಸುತ್ತಲ್ಲಿ ಹತ್ತೊಂಬತ್ತು ಬರೆದರು, ನೀವು ಹೇಳಿದ ಹಾಗೇ ಆಯಿತು ಅಕ್ಕ. ಅಷ್ಟನ್ನೂ ಗೋಡೆಗೆ ಅಂಟಿಸಿ, ಯಾರು ಬರೆದದ್ದು ಅಂತ ಹೇಳದೆ, ತಲೆಗೆ ಐದೈದು ಗುರುತು ಇಡೋಕೆ ಬಿಟ್ಟೆ. ಪ್ಯಾಕಿಂಗ್ ಅಕ್ಕ ಬ್ಯಾಗಿಂದ ಹಣೆಬೊಟ್ಟಿನ ಪ್ಯಾಕೆಟ್ ತೆಗೆದರು, ಅದನ್ನೇ ಅಂಟಿಸಿದೆವು. ಭಾವ ಎಲ್ಲರಿಗಿಂತ ಕೊನೆಗೆ. ಎರಡು ಬೊಟ್ಟಿಗಿಂತ ಕಮ್ಮಿ ಬಿದ್ದದ್ದು ತೆಗೆದ ಮೇಲೆ 11 ಉಳಿಯಿತು. ‘ಶುದ್ಧಧಾರೆ’ಗೆ ಎರಡು ಬೊಟ್ಟು.

ಆ 11ಕ್ಕೆ ಮಾರ್ಕ್ಸ್ ಕೊಡೋ ಮುಂಚೆ ಪಾಸು, ಫೇಲು ಮಾತ್ರ ನೋಡಿದೆವು. 29ನೇ ಕ್ಲಾಸಲ್ಲಿ ಹುಡುಕಿದರೆ ಐದು ಬಿದ್ದವು. ‘ಸಣ್ಣಗಾಣ’ ಇಂಗ್ಲಿಷಲ್ಲಿ ಬರೆದರೆ ಣ ಹೋಗಿ ನ ಆಗುತ್ತೆ, ಡೆಲಿವರಿ ಹುಡುಗ ‘ಇದು ಹಾಡಿನ ಆಪಾ’ ಅಂದ. ‘ಹಿಂಡಿ’ ಅಂತ ಒಬ್ಬರು ಬರೆದಿದ್ದರು, ಅದನ್ನ ಇಂಗ್ಲಿಷಲ್ಲಿ ಬರೆದು ನೋಡಿ, ಏನಾಗುತ್ತೆ ಅಂತ.

ಕಲ್ಲುಬಂಡೆ
ಬೆಂಗಳೂರಲ್ಲಿ ಹಿಂಡಿ ಎಣ್ಣೆ ಮಾರೋಕೆ ಹೋಗಿ, ಏಟು ತಿಂದು ಬರ್ತೀರ.

ಶಿರಾಗೇಟ್ ಗಾಣ
ಉಳಿದದ್ದು ನಾಲ್ಕು. ಎಲ್ಲರೂ ಬೇರೆ ಬೇರೆ ಹಾಳೆಯಲ್ಲಿ ಮಾರ್ಕ್ಸ್ ಬರೆದು ಮಡಚಿ ಕೊಟ್ಟರು. ಸರಾಸರಿ ಹೀಗೆ ಬಂತು, ಕ್ರಮವಾಗಿ ಫೋನು, ಕಲೆಸಿಹೋಗದೇ ಇರೋದು, ನಾಳೆಗೆ ಹೊಂದೋದು:

ಗಿರಕಿ: 3, 5, 5. ತೂಕ ಸೇರಿಸಿ 12+20+10 = 42
ಜೋಡೆತ್ತು: 4, 4, 3. ಒಟ್ಟು 38
ಕೊಪ್ಪರಿಗೆ: 3, 4, 2. ಒಟ್ಟು 32
ಶುದ್ಧಧಾರೆ: 2, 1, 5. ಒಟ್ಟು 22

‘ಗಿರಕಿ’ ಗಾಣದ ಹುಡುಗನ ಚೀಟಿ. ಹಾಗಾದರೆ ಗಿರಕಿನೇ ಅಲ್ವಾ?

ಗುಬ್ಬಿ ಅಕ್ಷರ
ತಡೀರಿ. ಗಿರಕಿಗೆ ಫೋನಲ್ಲಿ 3 ಬಂತಲ್ಲ, ಏಳು ಜನರ ಬಿಡಿ ಮಾರ್ಕ್ಸ್ ಹೇಳಿ.

ಶಿರಾಗೇಟ್ ಗಾಣ
5, 5, 5, 2, 2, 1, 1.

ಗುಬ್ಬಿ ಅಕ್ಷರ
ನೋಡಿ, ನಿಮ್ಮಲ್ಲಿ ಒಬ್ಬರೂ 3 ಕೊಟ್ಟಿಲ್ಲ, ಆದರೂ ಸರಾಸರಿ 3. ಏಳೂ ಜನ 3 ಕೊಟ್ಟಿದ್ದರೆ ಹೆಸರು ಸುಮಾರು ಅಂತ ಅರ್ಥ. ಹೀಗೆ ಎರಡು ಗುಂಪಾದರೆ, ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡಿಲ್ಲ ಅಂತ ಅರ್ಥ. ಇಂಥ ಕಡೆ ಮಾತ್ರ ಮಾತಾಡಬೇಕು. 5 ಕೊಟ್ಟವರಲ್ಲಿ ಒಬ್ಬರು, 1 ಕೊಟ್ಟವರಲ್ಲಿ ಒಬ್ಬರು ಎರಡೆರಡು ನಿಮಿಷ ಕಾರಣ ಹೇಳಲಿ. ಆಮೇಲೆ ಆ ಒಂದು ಅಳತೆಗೆ ಮತ್ತೆ ಮಾರ್ಕ್ಸ್.

ಶಿರಾಗೇಟ್ ಗಾಣ
ಕೇಳಿದೆ. 5 ಕೊಟ್ಟ ಮೂವರೂ ಕನ್ನಡದಲ್ಲಿ ಬರೆಯೋದನ್ನ ಅಂದುಕೊಂಡಿದ್ದರು. ಉಳಿದ ನಾಲ್ವರು ಆರ್ಡರ್ ಹಾಕೋರು ಇಂಗ್ಲಿಷಲ್ಲಿ ಟೈಪ್ ಮಾಡೋದನ್ನ. ಲೆಕ್ಕದ ಹುಡುಗಿ Giraki ಅಂತ ಬರೆದು ತೋರಿಸಿದಳು. ಪ್ಯಾಕಿಂಗ್ ಅಕ್ಕ ಅದನ್ನ ‘ಗಿರಾಕಿ’ ಅಂತ ಓದಿದರು! ಮತ್ತೆ ಮಾರ್ಕ್ಸ್ ಹಾಕಿದರೆ ಸರಾಸರಿ 2. ಒಟ್ಟು 38. ಈಗ ಜೋಡೆತ್ತು, ಗಿರಕಿ ಎರಡೂ ಸಮ 🤦

ನಿವೃತ್ತ ಮೇಷ್ಟ್ರು
ಜೋಡೆತ್ತು ಅಂದರೆ ನನಗೆ ಎಣ್ಣೆ ನೆನಪಾಗಲ್ಲ, ಓಟು ನೆನಪಾಗುತ್ತೆ. 1952ರಿಂದ 1969ರಲ್ಲಿ ಪಕ್ಷ ಒಡೆಯೋ ತನಕ ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. ನಮ್ಮೂರ ಗೋಡೆ ಮೇಲೆಲ್ಲ ಸುಣ್ಣದಲ್ಲಿ ಬರೆದಿರೋರು.

ಕಲ್ಲುಬಂಡೆ
ಮೇಷ್ಟ್ರೇ, ಅಪಾರ್ಟ್‌ಮೆಂಟಲ್ಲಿ ಎಣ್ಣೆ ತಗೊಳ್ಳೋರು ಆವಾಗ ಹುಟ್ಟೇ ಇರಲಿಲ್ಲ.

ಕೋಲಾರದ ತೋಪು
ನನಗೆ ಬೇರೆ ಅನುಮಾನ. ಗಾಣ ತಿರುಗೋದು ಮೋಟರಲ್ಲಿ ಅಂತ ಮೊದಲನೇ ಸಾಲಲ್ಲೇ ಹೇಳಿದ್ದೀರಿ. ಬಾಟಲಿ ಮೇಲೆ ಜೋಡೆತ್ತು ಅಂತ ಬರೆದು ಎತ್ತಿನ ಚಿತ್ರ ಹಾಕಿದರೆ, ತಗೊಳ್ಳೋರು ಎತ್ತಿನ ಗಾಣ ಅಂತಲೇ ಅಂದುಕೊಳ್ತಾರೆ. ಎತ್ತಿನ ಗಾಣದ ಎಣ್ಣೆಗೆ ರೇಟು ಜಾಸ್ತಿ, ನಿಜವಾಗಿ ಎತ್ತು ಕಟ್ಟಿರೋರು ನಮ್ಮ ಕಡೆ ಈಗಲೂ ಇದ್ದಾರೆ. ಇದು ಮಾರ್ಕ್ಸ್ ಕೊಡೋ ವಿಷಯನೇ ಅಲ್ಲ, ಪಾಸು, ಫೇಲಲ್ಲೇ ಬೀಳಬೇಕಿತ್ತು.

ಜಿಎಸ್‌ಟಿ ಗೌಡ
ಹೆಸರಲ್ಲವಾ, ಹೆಸರಿಗೆ ಅರ್ಥ ಇರಲೇಬೇಕಾ? ಸಿಂಹದ ಗುರುತಿನ ಸರಕಿನಲ್ಲಿ ಸಿಂಹ ಇರುತ್ತಾ?

ಕೋಲಾರದ ತೋಪು
ಸಿಂಹ ಎಣ್ಣೆ ತೆಗೆಯುತ್ತೆ ಅಂತ ಯಾರೂ ನಂಬಲ್ಲ ಗೌಡ್ರೇ. ಎತ್ತು ತೆಗೆಯುತ್ತೆ ಅಂತ ನಂಬ್ತಾರೆ. ಅಷ್ಟೇ ವ್ಯತ್ಯಾಸ.

ಗುಬ್ಬಿ ಅಕ್ಷರ
ತೋಪಿನವರು ಹೇಳಿದ್ದು ಸರಿ, ನನಗೂ ಹೊಳೆದಿರಲಿಲ್ಲ. ಜನರನ್ನ ದಾರಿ ತಪ್ಪಿಸೋ ಗುರುತನ್ನೂ 9ನೇ ಸೆಕ್ಷನ್ನೇ ತಡೆಯುತ್ತೆ. ಅದು ಹಾಗಿರಲಿ, ಶಿರಾಗೇಟ್ ಅವರೇ, ಫೋನಿನ ಮಾರ್ಕ್ಸನ್ನ ನೀವು ಏಳು ಜನ ಇನ್ನೂ ಊಹೆ ಮೇಲೆ ಕೊಡ್ತಿದ್ದೀರಿ. ಅದನ್ನ ಅಳೆಯಬಹುದಲ್ಲ. ಈ ಕತೆ ಗೊತ್ತಿಲ್ಲದ ಹತ್ತು ಜನಕ್ಕೆ ಫೋನ್ ಮಾಡಿ. ಹೆಸರು ಒಂದೇ ಸಲ ಹೇಳಿ, ಅಕ್ಷರ ಬಿಡಿಸಿ ಹೇಳಬೇಡಿ. ಕೇಳಿಸಿದ್ದನ್ನ ಇಂಗ್ಲಿಷಲ್ಲಿ ವಾಟ್ಸಾಪ್ ಮಾಡೋಕೆ ಹೇಳಿ.

ಶಿರಾಗೇಟ್ ಗಾಣ
ಮಾಡಿದೆ. ಐದು ಜನ ತುಮಕೂರು, ಐದು ಜನ ಬೆಂಗಳೂರು.

ಗಿರಕಿ: ಐದು ಜನ Giraki, ಮೂವರು Girki, ಇಬ್ಬರು Giraaki.
ಜೋಡೆತ್ತು: ನಾಲ್ವರು Jodettu, ಮೂವರು Jodetthu, ಮೂವರು Jodethu.

ನಾವು ಗೋಡೆಗೆ ಅಂಟಿಸಿದ್ದ ಪ್ರಕಾರ ಐದು ಜನ ಒಂದೇ ಥರ ಬರೆದರೆ 2, ನಾಲ್ಕು ಅಥವಾ ಕಮ್ಮಿ ಆದರೆ 1. ಗಿರಕಿ 38ರಲ್ಲೇ ಇದೆ. ಜೋಡೆತ್ತು 26ಕ್ಕೆ ಇಳಿಯಿತು. ಅದಕ್ಕೆ ನಾವೇ 4 ಕೊಟ್ಟಿದ್ದೆವು!

ಗುಬ್ಬಿ ಅಕ್ಷರ
ಒತ್ತಕ್ಷರ ಇರೋ ಕನ್ನಡ ಹೆಸರಿಗೆ ಇದು ಯಾವಾಗಲೂ ಆಗುತ್ತೆ. ನಮಗೆ ಬಾಯಲ್ಲಿ ಸಲೀಸು, ಅದಕ್ಕೇ ಜಾಸ್ತಿ ಮಾರ್ಕ್ಸ್ ಕೊಡ್ತೀವಿ.

ಚಿಂತಾಮಣಿ ಶೇಂಗಾ
ಕೊಪ್ಪರಿಗೆ ಯಾಕೆ ಸೋತಿತು? ನನಗೆ ಅದೇ ಇಷ್ಟ ಆಗಿತ್ತು. ಎಣ್ಣೆ ತಿಳಿಯಾಗೋಕೆ ಬಿಡೋದು ಕೊಪ್ಪರಿಗೆಯಲ್ಲೇ ಅಲ್ವಾ.

ಶಿರಾಗೇಟ್ ಗಾಣ
ಅದನ್ನೇ ಯೋಚಿಸಿ ಬರೆದಿದ್ದೆ, ನನ್ನದೇ ಚೀಟಿ. ಆದರೆ ತಿಪಟೂರು ಪಕ್ಕದಲ್ಲೇ ಇದೆ. ಹೆಸರು ಕೇಳಿದೋರೆಲ್ಲ ‘ಕೊಬ್ಬರಿಗೆ’ ಅಂತ ಕೇಳಿಸಿಕೊಂಡರು. ಕಡಲೆಕಾಯಿ ಎಣ್ಣೆನ ಕೊಬ್ಬರಿ ಎಣ್ಣೆ ಅಂತ ತಲೆಗೆ ಹಚ್ಚಿಕೊಂಡರೆ ಕಷ್ಟ.

ಕೋಲಾರದ ತೋಪು
ಗಿರಕಿ ಚೆನ್ನಾಗಿದೆ, ಆದರೆ ‘ಎಂಥಾ ಗಿರಾಕಿ ಗುರೂ ನೀನು’ ಅಂತ ಬೈಯೋದೂ ಇದೆ. ಅಂಗಡಿಯವನು ಬಾಟಲಿ ಕೊಡ್ತಾ ನಗಲ್ವಾ?

ಪಾವಗಡ ಬಿಸಿಲು
ನಮ್ಮ ಕಡೆ ತೆಲುಗಲ್ಲಿ ಗಿರಾಕಿ ಅಂದ್ರೆ ಒಳ್ಳೆ ಬೇಡಿಕೆ, ವ್ಯಾಪಾರ ಜೋರು ಅಂತ. ಅಂಗಡಿಯವರು ಬೆಳಿಗ್ಗೆ ಬೆಳಿಗ್ಗೆ ಆ ಮಾತು ಕೇಳಿದರೆ ಖುಷಿ ಪಡ್ತಾರೆ. ನನ್ನ ಓಟು ಗಿರಕಿಗೆ.

ನಿವೃತ್ತ ಮೇಷ್ಟ್ರು
ಗಿರಕಿ ಬೇರೆ, ಗಿರಾಕಿ ಬೇರೆ. ಒಂದು ಸುತ್ತೋದು, ಇನ್ನೊಂದು ಕೊಳ್ಳೋನು. ದೀರ್ಘ ಬಿಟ್ಟರೆ ಅರ್ಥವೇ ಕೆಡುತ್ತೆ.

ಕಲ್ಲುಬಂಡೆ
ಗಿರಕಿ ಹೊಡೆಯೋನೇ ಗಿರಾಕಿ ಮೇಷ್ಟ್ರೇ, ಅಂಗಡಿ ಅಂಗಡಿ ಸುತ್ತಲ್ವಾ.

ಗುಬ್ಬಿ ಅಕ್ಷರ
ಇದರಲ್ಲಿ ನನಗೂ ಖಾತ್ರಿ ಇಲ್ಲ. 50ಕ್ಕೆ 38 ಅಂದ್ರೆ ‘ಇದನ್ನ ಮುಂದೆ ಒಯ್ಯಿ’ ಅಂತ, ‘ಇದೇ ಹೆಸರು’ ಅಂತ ಅಲ್ಲ. Girki, Giraaki ಎರಡನ್ನೂ 29ನೇ ಕ್ಲಾಸಲ್ಲಿ ಹುಡುಕಿದಿರಾ? ಜನ ಹಾಗೆ ಬರೀತಾರೆ ಅಂತ ಈಗ ಗೊತ್ತಾಗಿದೆಯಲ್ಲ. ಅದೂ ಖಾಲಿ ಇದ್ದರೆ ಅರ್ಜಿ ಹಾಕೋ ಮುಂಚೆ ಒಬ್ಬ ಟ್ರೇಡ್‌ಮಾರ್ಕ್ ವಕೀಲರಿಗೆ ತೋರಿಸಿ. ಲೇಬಲ್ ಅದಾದ ಮೇಲೆ ಪ್ರಿಂಟ್ ಮಾಡಿಸಿ.

ಶಿರಾಗೇಟ್ ಗಾಣ
ಹುಡುಕಿಲ್ಲ ಅಕ್ಕ, ಇವತ್ತು ರಾತ್ರಿ ಕೂರ್ತೀನಿ. ಭಾವ ಮೆತ್ತಗಾಗಿದ್ದಾರೆ. ಆದರೆ ‘ಶ್ರೀ ಗಿರಕಿ ಅಂತ ಇಡೋಣವಾ’ ಅಂತ ಈಗಷ್ಟೇ ಮೆಸೇಜ್ ಹಾಕಿದ್ದಾರೆ.

ಚಿಂತಾಮಣಿ ಶೇಂಗಾ
ನನ್ನ ಹತ್ತಿರ ಇನ್ನೂ ನಾಲ್ಕು ಸಾವಿರ ಕವರ್ ಇದೆ, ಪ್ರಿಂಟ್ ಹಾಕಿಸೋ ಮುಂಚೆ ಭಾವನ್ನ ಕರ್ಕೊಂಡು ಬನ್ನಿ, ತೋರಿಸ್ತೀನಿ.

ಹೊಸ ಅಪ್ಪ
‘ಯ’ ಯಾರೂ ಹೇಳಲೇ ಇಲ್ಲ. ನಾವೂ ಮನೇಲಿ ಹಣೆಬೊಟ್ಟು ಅಂಟಿಸಿದೆವು, ನಮ್ಮಮ್ಮ ಐದನ್ನೂ ಒಂದೇ ಹೆಸರಿಗೆ ಅಂಟಿಸಿಬಿಟ್ಟರು. ಹಾಗೆ ಮಾಡಬಹುದಾ?

ಗುಬ್ಬಿ ಅಕ್ಷರ
ಒಂದು ಹೆಸರಿಗೆ ಒಂದೇ ಬೊಟ್ಟು ಅಂತ ಮೊದಲೇ ಹೇಳಬೇಕಿತ್ತು. ಈಗ ಅಮ್ಮನಿಗೆ ಹೇಳೋಕೆ ಹೋಗಬೇಡಿ.